2.5 ಮೀಟರ್ ನಿಖರತೆಯ ಜಿಪಿಎಸ್ 5 ಮೀಟರ್ ಸರಿದದ್ದೇಕೆ

ತೋಟದ ಒಂದೇ ಗಡಿಕಲ್ಲಿನ ಬಳಿ ಬೆಳಿಗ್ಗೆ ಮತ್ತು ಸಂಜೆ ಪಡೆದ ಜಿಪಿಎಸ್ ಅಳತೆಗಳ ನಡುವೆ ಸುಮಾರು 5 ಮೀಟರ್ ವ್ಯತ್ಯಾಸ ಬರುತ್ತಿತ್ತು, ಆದರೆ ಕೈಪಿಡಿಯಲ್ಲಿ ನಿಖರತೆ `2.5 m CEP` ಎಂದಿತ್ತು. ಇದು ಗರಿಷ್ಠ ದೋಷವಲ್ಲ. ಅರ್ಧದಷ್ಟು ಅಳತೆಗಳು ನಿಜಸ್ಥಾನದಿಂದ ಅಷ್ಟು ದೂರದೊಳಗೆ ಬೀಳುತ್ತವೆ ಎಂದಷ್ಟೇ ಇದರ ಅರ್ಥ. ದೋಷ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದೆಯೆಂದು ಇಟ್ಟುಕೊಂಡರೆ, ನೂರಕ್ಕೆ 95 ಅಳತೆಗಳನ್ನು ಒಳಗೊಳ್ಳುವ ವೃತ್ತದ ತ್ರಿಜ್ಯ ಸುಮಾರು 2.08 ಪಟ್ಟು, ಅಂದರೆ 5.2 ಮೀಟರ್ ಆಗುತ್ತದೆ.

ಮುಂದೆ ಉಪಕರಣವನ್ನು ಬಯಲಿನಲ್ಲಿ ಮುಕ್ಕಾಲಿಯ ಮೇಲಿಟ್ಟು ದಾಖಲಿಸಿದಾಗ ಬಿಂದುಗಳೆಲ್ಲ ಒಂದೇ ಕಡೆ ಅಂಟಿಕೊಂಡವು. ವೇಗ ತೀರಾ ಕಡಿಮೆಯಾದಾಗ ಸ್ಥಾನವನ್ನು ಹೆಪ್ಪುಗಟ್ಟಿಸುವ ‘ಸ್ಟ್ಯಾಟಿಕ್ ನ್ಯಾವಿಗೇಶನ್’ ಸೌಲಭ್ಯ ಅದಕ್ಕೆ ಕಾರಣ. ಅದನ್ನು ಆಫ್ ಮಾಡಿದ ಮೇಲೆಯೇ ಬಿಂದುಗಳ ನಿಜವಾದ ನಿಧಾನ ಅಲೆದಾಟ ಕಂಡಿತು. ಅದೇ ಜಾಗದಲ್ಲಿ ಸೊಂಟದ ಮಟ್ಟದಲ್ಲಿ ಕೈಯಲ್ಲಿ ಹಿಡಿದು ನಿಂತಾಗ ಚದುರುವಿಕೆ ಸ್ಪಷ್ಟವಾಗಿ ಹೆಚ್ಚಿತು, ಏಕೆಂದರೆ ಬೆನ್ನ ಹಿಂದಿನ ಉಪಗ್ರಹಗಳ ಸಂಕೇತವನ್ನು ದೇಹವೇ ತಡೆಯುತ್ತದೆ.

ಒಂದರ ಹಿಂದೊಂದು ಸೆಕೆಂಡಿನ ಅಳತೆಗಳು ಹೆಚ್ಚುಕಡಿಮೆ ಒಂದೇ ದೋಷವನ್ನು ಹೊತ್ತಿರುವುದರಿಂದ ಒಂದು ನಿಮಿಷದ ಸರಾಸರಿಯಿಂದ ಪ್ರಯೋಜನ ಕಡಿಮೆ. ಈಗ ಪ್ರತಿ ಕಲ್ಲಿನ ಮೇಲೂ ಮುಕ್ಕಾಲಿ ಇಟ್ಟು, ಕೆಲವು ಗಂಟೆಗಳ ಅಂತರದಲ್ಲಿ ಎರಡು ಬಾರಿ ಹಲವು ನಿಮಿಷ ದಾಖಲಿಸಿ, ಅವೆರಡರ ಸರಾಸರಿಯನ್ನು ಬಳಸುತ್ತಿದ್ದೇನೆ.