ಕೋಚ್ ಆಗಿದ್ದವರ ರೆಸ್ಯೂಮೆ: ಪದಕ ಕೆಳಗೆ, ಕೆಲಸ ಮೇಲೆ

ಕೋಚಿಂಗ್ ಬಿಟ್ಟು ಕಂಪನಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೀರಾ? ಪದಕಗಳ ಪಟ್ಟಿಯನ್ನು ಕೊನೆಗೆ ಹಾಕಿ, ಕೋಚಿಂಗ್ ವರ್ಷಗಳನ್ನು 'ಕೆಲಸದ ಅನುಭವ' ಅಂತ ಮೇಲೆ ಬರೆಯಿರಿ. ಹುದ್ದೆ, ತಿಂಗಳು, ವರ್ಷ, ಎಷ್ಟು ಜನರನ್ನು ನೋಡಿಕೊಂಡಿರಿ, ಎಲ್ಲವೂ ಇರಲಿ. ಉದಾಹರಣೆಗೆ 'ಕಬಡ್ಡಿ ಕೋಚ್, ರಾಜ್ಯ ಮಟ್ಟದಲ್ಲಿ ಎರಡು ಬಾರಿ ಗೆಲುವು' ಅಂತ ಸುಮ್ನೆ ಬರೆಯುವ ಬದಲು ಹೀಗೆ ಬರೆಯಿರಿ: 'ಜೂನ್ 2019 – ಮಾರ್ಚ್ 2023, ಕಬಡ್ಡಿ ಕೋಚ್. 32 ಆಟಗಾರರು, ಎರಡು ಬ್ಯಾಚ್. ವಾರದ ಅಭ್ಯಾಸದ ಯೋಜನೆ, ಟೂರ್ನಿಗಳ ಪ್ರಯಾಣ ಮತ್ತು ಖರ್ಚಿನ ಲೆಕ್ಕ, ಪೋಷಕರ ಜತೆ ತಿಂಗಳ ಸಭೆ.' ಮೊದಲು ರೆಸ್ಯೂಮೆ ನೋಡುವ ಎಚ್‌ಆರ್‌ನವರಿಗೆ ಟೂರ್ನಿಯ ಮಟ್ಟ ಗೊತ್ತಿರುವುದಿಲ್ಲ. ತಂಡ, ಲೆಕ್ಕ, ವೇಳಾಪಟ್ಟಿ ಮಾತ್ರ ತಕ್ಷಣ ಅರ್ಥವಾಗುತ್ತದೆ. ಕೋಚಿಂಗ್ ವರ್ಷಗಳು ಖಾಲಿ ವರ್ಷಗಳಂತೆ ಕಾಣುವುದೂ ತಪ್ಪುತ್ತದೆ, ಅದೇ ಜಾಸ್ತಿ ಮುಖ್ಯ. ಸಂದರ್ಶನದಲ್ಲಿ ವಿವರಿಸಲು ಆಗುವ ಸಂಖ್ಯೆಯನ್ನಷ್ಟೇ ಹಾಕಿ. 'ಆ ಖರ್ಚು ಹೇಗೆ ಹಂಚಿದಿರಿ?' ಅಂತ ಕೇಳಿಯೇ ಕೇಳುತ್ತಾರೆ. ಆದರೆ ಕ್ರೀಡಾ ಕೋಟಾದ ಸರ್ಕಾರಿ ಹುದ್ದೆಗೆ ಇದು ನಡೆಯುವುದಿಲ್ಲ. ಅಲ್ಲಿ ಪದಕ, ಟೂರ್ನಿಯ ಮಟ್ಟ ಮತ್ತು ನಿಗದಿತ ನಮೂನೆಯ ಪ್ರಮಾಣಪತ್ರವೇ ಮೊದಲು. ಶಾಲೆಯ ದೈಹಿಕ ಶಿಕ್ಷಕರ ಹುದ್ದೆಗಾದರೆ ಬಿ.ಪಿ.ಎಡ್ ಅಥವಾ ಅವರು ಕೇಳಿದ ಪದವಿ ಮೊದಲ ಸಾಲಿನಲ್ಲೇ ಕಾಣಬೇಕು. ಅದಿಲ್ಲದಿದ್ದರೆ ಅನುಭವವನ್ನು ಎಷ್ಟು ಚೆನ್ನಾಗಿ ಬರೆದರೂ ಅರ್ಜಿ ಮುಂದೆ ಹೋಗುವುದು ಕಷ್ಟ.