ಶೇಡಿ ಮಣ್ಣಿನ ಪೈಲ್ ಸೋತದ್ದು ಯಾವ ಭಾರಕ್ಕೆ? ನನ್ನ ಅನುಭವ

ಮಂಗಳೂರಿನ ಒಂದು ಕಟ್ಟಡದ ಭಾರ ಹೊರಲು ನೆಲದೊಳಗೆ ಇಳಿಸಿದ ಕಾಂಕ್ರೀಟು ಕಂಬಗಳು, ಅಂದರೆ ಪೈಲ್‌ಗಳು, 600 ಮಿ.ಮೀ. ವ್ಯಾಸದವು, ಉದ್ದ ಸುಮಾರು 18 ಮೀಟರ್, ವಿನ್ಯಾಸದ ಭಾರ 100 ಟನ್. ಜಂಬಿಟ್ಟಿಗೆಯ ಕೆಳಗೆಲ್ಲ ಶೇಡಿ ಎಂಬ ಮೆತ್ತನೆಯ ಜೇಡಿಮಣ್ಣು. ನನಗಿಂತ ಮೊದಲು ಬಂದ ತಂಡದ ಪರೀಕ್ಷೆಯಲ್ಲಿ ಭಾರ-ಕುಸಿತದ ಗ್ರಾಫ್ 120 ಟನ್ನಿನಲ್ಲೇ ಬಾಗಿತ್ತು, ಅಂದರೆ ಪೈಲ್ ಅಷ್ಟಕ್ಕೇ ಸೋತಂತೆ ಕಂಡಿತ್ತು. ಪ್ರತಿ ಪೈಲನ್ನೂ ಇನ್ನೂ ನಾಲ್ಕು ಮೀಟರ್ ಉದ್ದ ಮಾಡಿ ಎಂದು ಸಲಹೆಗಾರರು ಪಟ್ಟು ಹಿಡಿದರು. ಹತ್ತು ಲಕ್ಷದಷ್ಟು ಹೆಚ್ಚಿನ ಖರ್ಚು.

ನಾನು ಅವರ ರೀಡಿಂಗ್ ಹಾಳೆ ತರಿಸಿಕೊಂಡೆ. ಭಾರ ಬದಲಾಗದಿದ್ದರೂ ಮಧ್ಯಾಹ್ನ ಪೈಲ್ ಒಂದು ಮಿಲಿಮೀಟರಿನಷ್ಟು ಕುಸಿದಿತ್ತು, ಸಂಜೆ ಮೇಲೆದ್ದಿತ್ತು. ಭಾರ ಹೊತ್ತ ಪೈಲ್ ತಾನಾಗಿ ಏಳುವುದಿಲ್ಲ. ಬಿಸಿಲಿಗೆ, ಕುಸಿತ ಅಳೆಯಲು ಆಧಾರವಾಗಿ ಇಟ್ಟ ಡೇಟಮ್ ಬಾರಿನ ಮೇಲ್ಭಾಗ ಕಾದು ಬಾರ್ ಮೇಲಕ್ಕೆ ಬಾಗಿತ್ತು. ಅದಕ್ಕೆ ಕಟ್ಟಿದ ಗೇಜ್ ಅದನ್ನೇ ಕುಸಿತವೆಂದು ತೋರಿಸಿತ್ತು. ಮತ್ತೊಂದು ಪರೀಕ್ಷೆಗೆ ಮೂರು ಲಕ್ಷ ಸುರಿಯಬೇಕೇ ಎಂದು ಎಲ್ಲರೂ ಗೊಣಗಿದರು.

ಸುಮಾರು 310 ಟನ್ ಮರಳಿನ ಚೀಲ ಹೇರಿಸಿ, ಅದಕ್ಕೆ ಒತ್ತುಕೊಟ್ಟು ಜ್ಯಾಕಿನಿಂದ ಪೈಲನ್ನು ಹಂತಹಂತವಾಗಿ ಕೆಳಕ್ಕೆ ಒತ್ತುವ ಏರ್ಪಾಡು ಮಾಡಿದೆ. ಬಾರಿನ ಮೇಲೆ ಎರಡು ಪದರ ತಾಡಪಾಲು ಕಟ್ಟಿಸಿ, ದೊಡ್ಡ ಹಂತಗಳನ್ನು ರಾತ್ರಿಗೆ ಇಟ್ಟುಕೊಂಡೆ. ಪೈಲಿನಿಂದ ದೂರದಲ್ಲಿ ಒಂದು ಸರಳು ಹೂತು, ಬಾರಿನಿಂದ ಅದರ ಮೇಲೆ ಐದನೆಯ ಗೇಜ್ ಕೂರಿಸಿದೆ. ಅದು ಅಲ್ಲಾಡಿದರೆ ಅಲ್ಲಾಡಿದ್ದು ಬಾರ್, ಪೈಲ್ ಅಲ್ಲ. ಜ್ಯಾಕನ್ನು ನಡುಮಧ್ಯಕ್ಕೆ ಕೂರಿಸುವ ಉಪಾಯ ನಮ್ಮ ತಂಡದ ಗುಟ್ಟು, ಅದನ್ನು ಇಲ್ಲಿ ಬರೆಯುವುದಿಲ್ಲ.

140 ಟನ್ನಿಗೆ ಐದು ಮಿ.ಮೀ., 180ಕ್ಕೆ ಹತ್ತೂವರೆ, 200ಕ್ಕೆ ಹದಿನಾಲ್ಕು, 220ಕ್ಕೆ ಮೂವತ್ತರ ಆಸುಪಾಸು. 240ಕ್ಕೆ ಏರಿಸಲು ಹೋದಾಗ 235ರ ಹತ್ತಿರ ಕುಸಿತ ಅರವತ್ತಕ್ಕೆ ಬಂತು. ಪಂಪ್ ಒತ್ತಿದಷ್ಟೂ ಪೈಲ್ ಇಳಿಯುತ್ತಿತ್ತು, ಒತ್ತಡ ನಿಲ್ಲಲಿಲ್ಲ.

ಸೋಲಿನ ಭಾರವನ್ನು ಕಣ್ಣಂದಾಜಿನಲ್ಲಿ ಗುರುತಿಸುವುದನ್ನು ನಾನು ಒಪ್ಪುವುದಿಲ್ಲ. ಗ್ರಾಫಿನ ಅಳತೆ ಹಿಗ್ಗಿಸಿದರೆ ಬಾಗುವ ಜಾಗವೇ ಬೇರೆ ಕಾಣುತ್ತದೆ. ಸೋಲೆನ್ನಬೇಕಾದ ಕುಸಿತವನ್ನು ಲೆಕ್ಕದಿಂದ ತೋರಿಸುವ ಡೇವಿಸನ್ ಗೆರೆ ಎಳೆದೆ: ನಾಲ್ಕು ಮಿ.ಮೀ.ಗೆ ವ್ಯಾಸದ 120ನೇ ಒಂದು ಭಾಗವಾದ ಐದು, ಅದರ ಮೇಲೆ 200 ಟನ್ನಿಗೆ ಕಾಂಕ್ರೀಟು ತಾನೇ ಕುಗ್ಗುವ ಐದು. ಒಟ್ಟು ಹದಿನಾಲ್ಕು. ಗೆರೆ ಗ್ರಾಫನ್ನು ಕತ್ತರಿಸಿದ್ದು ಸರಿಯಾಗಿ 200 ಟನ್ನಿನಲ್ಲಿ.

ಕುತೂಹಲಕ್ಕೆ ಚಿನ್ ವಿಧಾನವನ್ನೂ ಹಾಕಿ ನೋಡಿದೆ: ಕುಸಿತವನ್ನು ಭಾರದಿಂದ ಭಾಗಿಸಿ, ಅದನ್ನು ಕುಸಿತದೆದುರು ಗುರುತಿಸಿದರೆ ಬರುವ ಸರಳರೇಖೆ. ಅದರ ಇಳಿಜಾರಿನ ವಿಲೋಮ 250 ಟನ್ ಎಂದಿತು. ಈ ಪೈಲ್ ಅಷ್ಟನ್ನು ಹೊರಲೇ ಇಲ್ಲ. ಹಾಗಾಗಿ ಚಿನ್ ಅಂಕಿಯನ್ನು ನಾನು ಸೋಲಿನ ಭಾರವೆಂದು ವರದಿಗೆ ಬರೆಯುವುದಿಲ್ಲ.

ಪೈಲ್‌ಗಳ ಭಾರತೀಯ ಮಾನಕ ಐಎಸ್ 2911 ಪ್ರಕಾರ ಸುರಕ್ಷಿತ ಭಾರದ ಲೆಕ್ಕ ಹೀಗೆ: 12 ಮಿ.ಮೀ. ಕುಸಿತದ ಭಾರ ಸುಮಾರು 190, ಅದರ ಮೂರರಲ್ಲಿ ಎರಡು ಪಾಲು 126. ವ್ಯಾಸದ ಶೇ. 10ರಷ್ಟು ಕುಸಿತದ ಭಾರದಲ್ಲಿ ಅರ್ಧ 117. ಕಡಿಮೆಯದನ್ನೇ ಹಿಡಿದರೂ 100 ಟನ್ ದಾಟುತ್ತದೆ. ಐದನೆಯ ಗೇಜಿನ ಹಾಳೆಯನ್ನು ಮುಂದಿಟ್ಟ ಮೇಲೆ ಸಲಹೆಗಾರರು ಹಳೆಯ ಉದ್ದಕ್ಕೇ ಸಹಿ ಹಾಕಿದರು.