ಅವ್ವನ ಆಪರೇಷನ್‌ಗೆ ರಜೆ: ಸಿ.ಓ. ಸಾಹೇಬರಿಗೆ ಅರ್ಜಿ ಬರೆಯುವುದು ಹೀಗೆ

‘ತಾಯಿಗೆ ತುಂಬಾ ಸೀರಿಯಸ್ ಇದೆ, ದಯಮಾಡಿ ರಜೆ ಕೊಡಿ.’ ಪಲ್ಟನ್ನಿನ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದಷ್ಟು ದಿನ ಈ ಸಾಲು ಎಷ್ಟು ಅರ್ಜಿಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಬರೆದ ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಯಾವ ತಾಯಿ, ಏನು ಕಾಯಿಲೆ, ಯಾವ ಆಸ್ಪತ್ರೆ, ಯಾವ ದಿನ, ಒಂದೂ ಇರುತ್ತಿರಲಿಲ್ಲ. ಅರ್ಜಿ ಕಂಪನಿಗೆ ವಾಪಸ್ ಬರುತ್ತಿತ್ತು, ಇನ್ನೊಮ್ಮೆ ಬರೆಯುವಷ್ಟರಲ್ಲಿ ನಾಲ್ಕು ದಿನ ಹೋಗುತ್ತಿತ್ತು. ತಂತಿ ಇದ್ದ ಕಾಲದಿಂದ ಬಂದ ಚಾಳಿ ಇದು. ‘ಮದರ್ ಸೀರಿಯಸ್, ಕಮ್ ಸೂನ್’ ಅಂತ ಊರಿಂದ ತಂತಿ ಹೊಡೆಸಿದರೆ ಸಾಕು ಅನ್ನುವ ನಂಬಿಕೆ. 2013ರಲ್ಲಿ ತಂತಿ ಸೇವೆಯೇ ನಿಂತುಹೋಯಿತು, ಸಾಲು ಮಾತ್ರ ನಿಂತಿಲ್ಲ.

ಒಬ್ಬ ಹುಡುಗನ ಲೆಕ್ಕ ಹಿಡಿದು ಹೇಳುತ್ತೇನೆ. ನಾಯಕ್, ಊರು ಹಾವೇರಿ ಕಡೆ, ಪಲ್ಟನ್ ಇರುವುದು ಅಸ್ಸಾಮಿನಲ್ಲಿ. ಅವ್ವನಿಗೆ ಬಲಗಾಲಿನ ಮೊಣಕಾಲು ಕೀಲು ಬದಲಾಯಿಸುವ ಆಪರೇಷನ್, ಹುಬ್ಬಳ್ಳಿಯಲ್ಲಿ, ಸೆಪ್ಟೆಂಬರ್ 18ಕ್ಕೆ.

ಮೊದಲು ಯಾವ ರಜೆ ಅಂತ ತೀರ್ಮಾನ ಮಾಡಿಕೊಳ್ಳಿ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್. ಎರಡನ್ನೂ ಒಂದಕ್ಕೊಂದು ಅಂಟಿಸುವ ಹಾಗಿಲ್ಲ. ‘20 ದಿನ ಆ್ಯನುವಲ್, ಅದರ ಬೆನ್ನಿಗೆ 7 ದಿನ ಕ್ಯಾಶುವಲ್’ ಅಂತ ಬರೆದರೆ ಆ ಅರ್ಜಿ ಕ್ಲರ್ಕ್ ಮೇಜಿನಲ್ಲೇ ಸಾಯುತ್ತದೆ. ನನ್ನ ಮಾತು ಕೇಳುವುದಾದರೆ ಆಪರೇಷನ್‌ಗೆ ಆ್ಯನುವಲ್ ಹಾಕಿ, ಕ್ಯಾಶುವಲ್ ಮುಟ್ಟಬೇಡಿ. ಎರಡು ತಿಂಗಳು ಬಿಟ್ಟು ಹೊಲಿಗೆ ಕೀವಾಯಿತು, ಮತ್ತೆ ಅಡ್ಮಿಟ್ ಮಾಡಬೇಕು ಅಂತ ಫೋನ್ ಬಂದಾಗ ಕೈಯಲ್ಲಿ ಏನಾದರೂ ಉಳಿದಿರಬೇಕಲ್ವಾ?

ಆಮೇಲೆ ದಿನದ ಲೆಕ್ಕ. ಇದನ್ನು ಎಲ್ಲರೂ ರಜೆ ಶುರುವಾಗುವ ತಾರೀಕಿನಿಂದ ಹಾಕುತ್ತಾರೆ. ತಪ್ಪು. ಆಪರೇಷನ್ ತಾರೀಕು ಹಿಡಿದು ಹಿಂದಕ್ಕೂ ಮುಂದಕ್ಕೂ ಎಣಿಸಬೇಕು. 18ಕ್ಕೆ ಆಪರೇಷನ್ ಅಂದರೆ 17ಕ್ಕೆ ಅಡ್ಮಿಟ್. ಪಲ್ಟನ್ನಿನಿಂದ ಗುವಾಹಟಿಗೆ ಒಂದು ದಿನ, ಅಲ್ಲಿಂದ ಬೆಂಗಳೂರಿಗೆ ರೈಲಲ್ಲಿ ಎರಡೂವರೆ–ಮೂರು ದಿನ, ಮತ್ತೆ ಹಾವೇರಿಗೆ ಒಂದು ರಾತ್ರಿ. ರೈಲು ತಡವಾದರೂ 16ರೊಳಗೆ ಮನೆ ಸೇರಬೇಕು ಅಂದರೆ 11ಕ್ಕೇ ಹೊರಡಬೇಕು. ಇನ್ನು ಮುಂದಕ್ಕೆ. ಈ ಆಪರೇಷನ್‌ನಲ್ಲಿ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಮೂರರಿಂದ ಐದು ದಿನ, ಹೊಲಿಗೆ ಬಿಚ್ಚುವುದು ಎರಡು ವಾರದ ಹೊತ್ತಿಗೆ, ಅಂದರೆ ಅಕ್ಟೋಬರ್ 2ರ ಸುಮಾರಿಗೆ. 3ಕ್ಕೆ ಹಾವೇರಿ ಬಿಟ್ಟರೆ 7ಕ್ಕೆ ಪಲ್ಟನ್. ಸೆಪ್ಟೆಂಬರ್ 11ರಿಂದ ಅಕ್ಟೋಬರ್ 7, ಎರಡೂ ದಿನ ಸೇರಿ 27 ದಿನ. ‘ಒಂದು ತಿಂಗಳು ಕೊಡಿ’ ಅಂದವನಿಗಿಂತ 27 ಅಂದವನ ಮೇಲೆ ಸಾಹೇಬರಿಗೆ ನಂಬಿಕೆ ಜಾಸ್ತಿ, ಯಾಕೆಂದರೆ ಕೇಳಿದರೆ ಅವನ ಹತ್ತಿರ ಒಂದೊಂದು ದಿನಕ್ಕೂ ಉತ್ತರ ಇರುತ್ತದೆ.

ಈಗ ಕಷ್ಟದ ಭಾಗ: ಡಾಕ್ಟರ ಚೀಟಿ ಮತ್ತು ಕಾರಣದ ಪ್ಯಾರಾ. ತೊಂಬತ್ತು ಪಾಲು ಅರ್ಜಿ ಕೆಡುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ.

ಚೀಟಿ ಮೊದಲು. ಊರಲ್ಲಿರುವ ತಮ್ಮನಿಗೋ ಅಕ್ಕನಿಗೋ ಹೇಳಿ, ಆಪರೇಷನ್ ಮಾಡುವ ಡಾಕ್ಟರಿಂದಲೇ ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಬರೆಸಿ ತರಿಸಿಕೊಳ್ಳಿ. ರೋಗಿಯ ಹೆಸರು, ವಯಸ್ಸು, ಕಾಯಿಲೆ, ಯಾವ ಆಪರೇಷನ್, ಅಡ್ಮಿಟ್ ಮತ್ತು ಆಪರೇಷನ್ ತಾರೀಕು, ಆಮೇಲೆ ಎಷ್ಟು ದಿನ ಜೊತೆಗೊಬ್ಬರು ಇರಬೇಕು. ಕೆಳಗೆ ಡಾಕ್ಟರ ಸಹಿ, ರಿಜಿಸ್ಟ್ರೇಷನ್ ನಂಬರ್, ಸೀಲು, ಆಸ್ಪತ್ರೆಯ ಫೋನ್ ನಂಬರ್. ಔಷಧಿ ಚೀಟಿಯ ಫೋಟೋ, ಎಕ್ಸ್‌ರೇ ಫೋಟೋ ಇವೆಲ್ಲ ಬೇಡ. ಎಕ್ಸ್‌ರೇ ನೋಡಿ ಕಂಪನಿ ಕಮಾಂಡರ್ ಏನು ಮಾಡಬೇಕು? ಚೀಟಿಯನ್ನು ‘ಸಂಬಂಧಪಟ್ಟವರಿಗೆ’ ಅಂತ ಬರೆಸಿದರೆ ಸಾಕು. ಪಲ್ಟನ್ನಿನ ಹೆಸರು, ಜಾಗ ಇವನ್ನು ಆಸ್ಪತ್ರೆಯ ಕೌಂಟರಿನಲ್ಲಿ ಹೇಳಿಕೊಂಡು ಓಡಾಡಬೇಡಿ. ಕಾಸು ಕೊಟ್ಟರೆ ಯಾವ ಚೀಟಿ ಬೇಕಾದರೂ ಬರೆದುಕೊಡುವವರು ಊರೂರಲ್ಲೂ ಇದ್ದಾರೆ, ಆ ದಾರಿಗೆ ಹೋಗಬೇಡಿ. ಆಫೀಸಿನಿಂದ ಒಂದು ಫೋನ್ ಹೋದರೆ ಮುಗಿಯಿತು. ಆಮೇಲೆ ಆ ಕಂಪನಿಯಲ್ಲಿ ನಿಜವಾಗಿ ಅಮ್ಮನಿಗೆ ಹುಷಾರಿಲ್ಲದವನಿಗೂ ರಜೆ ಸಿಗುವುದು ಕಷ್ಟವಾಗುತ್ತದೆ.

ಇನ್ನು ಹೆಸರಿನ ಗೋಳು. ನಮ್ಮ ಕಡೆ ಹುಡುಗರಿಗೆ ಇದು ಗ್ಯಾರಂಟಿ ಬರುವ ತೊಂದರೆ. ಭರ್ತಿಯಾದಾಗ ಹುಡುಗ ತಾಯಿಯ ಹೆಸರು ಗಂಗವ್ವ ಅಂತ ಬರೆಸಿರುತ್ತಾನೆ, ದಾಖಲೆಯಲ್ಲಿ ಅದೇ ಇರುತ್ತದೆ. ಆಧಾರ್‌ನಲ್ಲಿ ಗಂಗಮ್ಮ. ಆಸ್ಪತ್ರೆಯವರು ಆಧಾರ್ ನೋಡಿ ಚೀಟಿ ಬರೆಯುತ್ತಾರೆ. ಅಸ್ಸಾಮಿನಲ್ಲಿ ಕೂತ, ಕನ್ನಡ ಗೊತ್ತಿಲ್ಲದ ಸಾಹೇಬರಿಗೆ ಅವ್ವ, ಅಮ್ಮ ಎರಡೂ ಒಂದೇ ಅಂತ ಹೇಗೆ ತಿಳಿಯಬೇಕು? ಅವರ ಲೆಕ್ಕಕ್ಕೆ ಇದು ಬೇರೆ ಯಾರೋ ಹೆಂಗಸು, ಚಿಕ್ಕಮ್ಮನೋ ಪಕ್ಕದ ಮನೆಯವರೋ. ಹಾಗಾಗಿ ಅರ್ಜಿಯಲ್ಲೇ ಒಂದು ಸಾಲು ಹಾಕಿಬಿಡಿ: ದಾಖಲೆಯಲ್ಲಿರುವ ಗಂಗವ್ವ, ಚೀಟಿಯಲ್ಲಿರುವ ಗಂಗಮ್ಮ ಒಬ್ಬರೇ. ಜೊತೆಗೆ ಆಧಾರ್ ಪ್ರತಿ ಲಗತ್ತಿಸಿ. ದಾಖಲೆ ತಿದ್ದಿಸುವ ಕೆಲಸಕ್ಕೆ ಈಗ ಕೈ ಹಾಕಬೇಡಿ. ಅದಕ್ಕೆ ಅಫಿಡವಿಟ್, ಪಾರ್ಟ್ ಟೂ ಆರ್ಡರ್ ಅಂತೆಲ್ಲ ಇದೆ, ವಾಪಸ್ ಬಂದಮೇಲೆ ಮಾಡಿಸಿಕೊಳ್ಳಿ.

ಕಾರಣದ ಪ್ಯಾರಾದಲ್ಲಿ ಕಣ್ಣೀರು ಬೇಡ. ‘ನಾನೇ ದಿಕ್ಕು’ ಅಂತ ಬರೆದರೆ ಏನೂ ತಿಳಿಯುವುದಿಲ್ಲ. ಸಿ.ಓ. ಕೇಳುವ ಮೊದಲ ಪ್ರಶ್ನೆ ‘ಮನೆಯಲ್ಲಿ ಇನ್ಯಾರಿದ್ದಾರೆ?’ ಅಂತ. ಅದಕ್ಕೆ ಕೇಳುವ ಮೊದಲೇ ಉತ್ತರ ಬರೆಯಿರಿ. ಅಪ್ಪ ಇಲ್ಲ, ಅಕ್ಕ ಮದುವೆಯಾಗಿ ಹೋಗಿದ್ದಾಳೆ, ತಮ್ಮ ಓದುತ್ತಿದ್ದಾನೆ, ಇಷ್ಟು. ಅಣ್ಣ ಊರಲ್ಲೇ ಇದ್ದರೆ ಮುಚ್ಚಿಡಬೇಡಿ, ಅವನಿಂದ ಯಾಕೆ ಆಗುವುದಿಲ್ಲ ಅಂತ ಬರೆಯಿರಿ. ಮುಚ್ಚಿಟ್ಟಿದ್ದು ಇಂಟರ್‌ವ್ಯೂನಲ್ಲಿ ಹೊರಗೆ ಬಂದರೆ ಉಳಿದ ನಿಜವೂ ಸುಳ್ಳಾಗುತ್ತದೆ.

ಇಷ್ಟಾದರೆ ಫಾರ್ಮ್ಯಾಟ್ ಸುಲಭ. ಪಲ್ಟನ್ನಿನಲ್ಲಿ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆಯುತ್ತೀರಿ, ಇಲ್ಲಿ ಅರ್ಥವಾಗಲಿ ಅಂತ ಕನ್ನಡದಲ್ಲಿ ಕೊಟ್ಟಿದ್ದೇನೆ.

ಇವರಿಂದ: ನಂಬರ್ ……, ನಾಯಕ್ ……, ‘ಎ’ ಕಂಪನಿ
ಇವರಿಗೆ: ಕಮಾಂಡಿಂಗ್ ಆಫೀಸರ್
ಮೂಲಕ: ಕಂಪನಿ ಕಮಾಂಡರ್, ‘ಎ’ ಕಂಪನಿ
ವಿಷಯ: ತಾಯಿಯ ಶಸ್ತ್ರಚಿಕಿತ್ಸೆಗಾಗಿ 27 ದಿನ ವಾರ್ಷಿಕ ರಜೆ

ಮಾನ್ಯರೇ,
1. ಸೆಪ್ಟೆಂಬರ್ 11ರಿಂದ ಅಕ್ಟೋಬರ್ 7ರವರೆಗೆ 27 ದಿನ ವಾರ್ಷಿಕ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ.
2. ನನ್ನ ತಾಯಿ ಶ್ರೀಮತಿ ಗಂಗವ್ವ, 62 ವರ್ಷ, ಇವರಿಗೆ ಹುಬ್ಬಳ್ಳಿಯ …… ಆಸ್ಪತ್ರೆಯಲ್ಲಿ ಸೆಪ್ಟೆಂಬರ್ 18ರಂದು ಬಲ ಮೊಣಕಾಲಿನ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ವೈದ್ಯರ ಪತ್ರ ಲಗತ್ತಿಸಿದೆ. ಪತ್ರದಲ್ಲಿರುವ ಗಂಗಮ್ಮ ಮತ್ತು ನನ್ನ ದಾಖಲೆಯಲ್ಲಿರುವ ಗಂಗವ್ವ ಒಬ್ಬರೇ.
3. ತಂದೆ ತೀರಿಕೊಂಡಿದ್ದಾರೆ. ಅಕ್ಕ ಮದುವೆಯಾಗಿ ಬೇರೆ ಊರಿನಲ್ಲಿದ್ದಾರೆ. ತಮ್ಮ ವಿದ್ಯಾರ್ಥಿ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಸಹಿ ಮಾಡಿ, ಹೊಲಿಗೆ ಬಿಚ್ಚುವವರೆಗೆ ನೋಡಿಕೊಳ್ಳಲು ನಾನು ಇರಬೇಕಾಗಿದೆ.
4. ಈ ವರ್ಷ 30 ದಿನ ವಾರ್ಷಿಕ ರಜೆ ಪಡೆದಿದ್ದೇನೆ, 30 ದಿನ ಬಾಕಿ ಇದೆ. ಲೀವ್ ಪ್ಲಾನ್ ಪ್ರಕಾರ ನನ್ನ ಪಾಳಿ ನವೆಂಬರ್‌ನಲ್ಲಿದೆ, ಅದನ್ನು ಸೆಪ್ಟೆಂಬರ್‌ಗೆ ಬದಲಿಸಿಕೊಡಲು ವಿನಂತಿ.
5. ರಜೆ ವಿಳಾಸ: ಗ್ರಾಮ ……, ಅಂಚೆ ……, ಪೊಲೀಸ್ ಠಾಣೆ ……, ತಾಲ್ಲೂಕು ……, ಜಿಲ್ಲೆ ಹಾವೇರಿ, ಹತ್ತಿರದ ರೈಲು ನಿಲ್ದಾಣ ಹಾವೇರಿ, ಫೋನ್ ……

ತಾರೀಕು, ಸಹಿ.

ನಾಲ್ಕನೇ ಪ್ಯಾರಾದ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ, ಆದರೆ ಕೆಲಸ ಮಾಡುವುದು ಅದೇ. ಒಂದು ಸಲಕ್ಕೆ ಇಷ್ಟೇ ಜನ ರಜೆ ಮೇಲೆ ಇರಬೇಕು ಅಂತ ಪಲ್ಟನ್ನಿನಲ್ಲಿ ಮಿತಿ ಇರುತ್ತದೆ. ಹೆಚ್ಚುವರಿ ರಜೆ ಕೇಳಿದರೆ ಸಾಹೇಬರು ಜಾಗ ಹುಡುಕಬೇಕು. ಪಾಳಿ ಬದಲಿಸಿ ಅಂದರೆ, ಸೆಪ್ಟೆಂಬರ್ ಪಾಳಿಯ ಒಬ್ಬ ದೋಸ್ತ್‌ನನ್ನು ನೀವೇ ಒಪ್ಪಿಸಿಕೊಂಡು ಬಂದಿದ್ದರೆ, ಅವರು ಸಹಿ ಹಾಕಿದರೆ ಆಯಿತು.

ಅಂಗಡಿಯಲ್ಲಿ ಸಿಗುವ ಅಚ್ಚಾದ ಅರ್ಜಿ, ವಾಟ್ಸಾಪಿನಲ್ಲಿ ಓಡಾಡುವ ಪಿ.ಡಿ.ಎಫ್. ಇವನ್ನು ನಂಬಬೇಡಿ. ಹಳೇ ಪಲ್ಟನ್ನಿನ ಹೆಸರನ್ನೇ ಉಳಿಸಿಕೊಂಡು ಸಹಿ ಹಾಕಿದ ಮಹಾನುಭಾವನನ್ನು ನಾನೇ ನೋಡಿದ್ದೇನೆ. ಒಂದು ಬಿಳಿ ಹಾಳೆ, ನೀಲಿ ಪೆನ್ನು, ಸ್ವಂತ ಕೈಬರಹ. ನನ್ನ ಇಷ್ಟ ಅದೇ.

ಅರ್ಜಿಯನ್ನು ನೇರವಾಗಿ ಸಿ.ಓ. ಆಫೀಸಿಗೆ ಒಯ್ಯಬೇಡಿ. ಸೆಕ್ಷನ್ ಕಮಾಂಡರ್, ಪ್ಲಟೂನ್ ಸಾಹೇಬ್, ಸೀನಿಯರ್ ಜೆ.ಸಿ.ಓ., ಕಂಪನಿ ಕಮಾಂಡರ್, ಹೀಗೇ ಮೇಲೆ ಹೋಗಬೇಕು. ಮಂಜೂರಾದ ಮೇಲೆ ಲೀವ್ ಸರ್ಟಿಫಿಕೇಟ್‌ನಲ್ಲಿ ತಾರೀಕು, ನಿಲ್ದಾಣದ ಹೆಸರು ಸರಿಯಿದೆಯಾ ಅಂತ ಗೇಟ್ ದಾಟುವ ಮೊದಲೇ ನೋಡಿಕೊಳ್ಳಿ.

ಒಂದು ಮಾತು ಉಳಿಯಿತು. ಅಡ್ಮಿಟ್ ಆದಮೇಲೆ ಅವ್ವನ ಸಕ್ಕರೆಯೋ ಬಿ.ಪಿ.ಯೋ ಜಾಸ್ತಿ ಬಂದು, ಅರಿವಳಿಕೆ ಡಾಕ್ಟರು ‘ಒಂದು ವಾರ ಬಿಟ್ಟು ಮಾಡೋಣ’ ಅನ್ನುವುದು ಮಾಮೂಲು. ಆಗ 27 ದಿನ ಸಾಲುವುದಿಲ್ಲ. ಅದೇ ದಿನ ಕಂಪನಿಗೆ ಫೋನ್ ಮಾಡಿ ಹೇಳಿ. ಹೊಸ ತಾರೀಕು ಬರೆದ ಡಾಕ್ಟರ ಚೀಟಿ ಹಚ್ಚಿ ಎಕ್ಸ್‌ಟೆನ್ಷನ್‌ಗೆ ಬರೆದು ಕಳಿಸಿ. ನಮ್ಮ ನಾಯಕ್ ಹತ್ತಿರ ಆ್ಯನುವಲ್ ಉಳಿದಿರುವುದು ಮೂರೇ ದಿನ, ಆದ್ದರಿಂದ ಎಷ್ಟು ಸಿಗುತ್ತದೆ ಅಂತ ಮೊದಲೇ ಕೇಳಿಕೊಂಡು ಡಾಕ್ಟರ ಹತ್ತಿರ ತಾರೀಕು ಹಿಡಿಯಬೇಕು. ಅರ್ಜಿ ಕಳಿಸಿದೆ ಅಂದರೆ ರಜೆ ಸಿಕ್ಕಿತು ಅಂತಲ್ಲ. ‘ಮಂಜೂರಾಗಿದೆ’ ಅಂತ ಅಲ್ಲಿಂದ ಮಾತು ಬರುವವರೆಗೆ ಅಕ್ಟೋಬರ್ 7ರ ತಾರೀಕೇ ನಿಮ್ಮ ತಾರೀಕು, ರೈಲು ಟಿಕೆಟ್ ರದ್ದು ಮಾಡಬೇಡಿ. ತಕ್ಕ ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು 1950ರ ಸೇನಾ ಕಾಯ್ದೆಯ 39ನೇ ಕಲಮಿನಲ್ಲಿ ಅಪರಾಧ. ಕಾರಣ ತಕ್ಕದ್ದೇ ಇದ್ದರೂ ಅದನ್ನು ತೋರಿಸಲು ಕಾಗದ ಬೇಕು. ಅದಕ್ಕೇ ಡಿಸ್ಚಾರ್ಜ್ ಸಮರಿಯ ಒಂದು ಪ್ರತಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ವಾಪಸ್ ಬನ್ನಿ. ಬಂದ ದಿನವೇ ಅದನ್ನು ಕಂಪನಿ ಕ್ಲರ್ಕ್ ಕೈಗೆ ಕೊಡಿ, ಕೇಳುವವರೆಗೆ ಕಾಯಬೇಡಿ.